ಪಾಲುದಾರಿಕೆ ಲೆಕ್ಕದಲ್ಲಿ ಲಾಭ ಸರಿಯಾಗಿ ಹಂಚಿದೆಯೇ? ಬಡ್ಡಿ, ಸಂಬಳ, ಡ್ರಾಯಿಂಗ್ಸ್ ಎಲ್ಲವನ್ನೂ ಹಂತ ಹಂತವಾಗಿ ಪರಿಶೀಲಿಸುವ ಬಗೆ

ಪಾಲುದಾರಿಕೆ ಅಂಗಡಿಯ ವರ್ಷದ ಲೆಕ್ಕ ಕೈಗೆ ಬಂದ ತಕ್ಷಣ ಹೆಚ್ಚಿನವರು ಕೊನೆಯ ಸಾಲಿಗೆ ಹೋಗುತ್ತಾರೆ. ನನ್ನ ಪಾಲಿಗೆ ಎಷ್ಟು ಬಂತು? ಲಾಭವನ್ನು 3:2ರಲ್ಲಿ ಭಾಗಿಸಿ ನೋಡುತ್ತಾರೆ, ಉತ್ತರ ಸರಿ ಬರುತ್ತದೆ, ಸಹಿ ಹಾಕುತ್ತಾರೆ. ಆದರೆ ಭಾಗಾಕಾರದಲ್ಲಿ ಯಾರೂ ತಪ್ಪು ಮಾಡುವುದಿಲ್ಲ. ತಪ್ಪು ಇರುವುದು ಭಾಗಿಸಿದ ಆ ಮೊತ್ತದಲ್ಲೇ. ಅದು ಹೇಗೆ ಬಂತು ಎಂದು ಮೊದಲಿನಿಂದ ನೋಡಿಕೊಂಡು ಬರದಿದ್ದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ.

ಹಾಗಾಗಿ ಇಲ್ಲಿ ಕ್ರಮಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಒಂದು ಹಂತ ಮುಗಿಸದೆ ಮುಂದಿನದಕ್ಕೆ ಹೋಗಬೇಡಿ.

## ಕೈಯಲ್ಲಿ ಏನೇನು ಇರಬೇಕು

ಪಾಲುದಾರಿಕೆ ಡೀಡ್ ಬೇಕು. ಮಧ್ಯದಲ್ಲಿ ತಿದ್ದುಪಡಿ ಮಾಡಿದ್ದರೆ ಅದೂ ಬೇಕು. ಹೋದ ವರ್ಷದ ಬ್ಯಾಲೆನ್ಸ್ ಶೀಟ್, ಈ ವರ್ಷದ ಟ್ರಯಲ್ ಬ್ಯಾಲೆನ್ಸ್, ಪ್ರತಿ ಪಾಲುದಾರರ ಬಂಡವಾಳ ಖಾತೆ, ಚಾಲ್ತಿ ಖಾತೆ ಮತ್ತು ಡ್ರಾಯಿಂಗ್ಸ್ ಖಾತೆಯ ಲೆಡ್ಜರ್ ಪ್ರಿಂಟ್ ಇಟ್ಟುಕೊಳ್ಳಿ. ಡ್ರಾಯಿಂಗ್ಸ್ ಎಂದರೆ ಪಾಲುದಾರರು ಸ್ವಂತಕ್ಕೆಂದು ಅಂಗಡಿಯಿಂದ ತೆಗೆದದ್ದು. ಇಲ್ಲಿ ಚಾಲ್ತಿ ಖಾತೆ ಎಂದರೆ ಬ್ಯಾಂಕಿನದಲ್ಲ. ಬಂಡವಾಳವನ್ನು ಮುಟ್ಟದೆ, ಪಾಲುದಾರರ ವರ್ಷದ ಜಮೆ-ಖರ್ಚನ್ನು ಬರೆಯುವ ಖಾತೆ ಅದು. ಕೊನೆಯದಾಗಿ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ನಗದು ಪುಸ್ತಕ. ಲೆಡ್ಜರ್‌ನಲ್ಲಿ ಇಲ್ಲದ ಸಂಗತಿಗಳು ಸಿಗುವುದು ಇವೆರಡರಲ್ಲೇ.

## ನಾವು ನೋಡುವ ಲೆಕ್ಕ

ತಿಳಿಸಿ ಹೇಳುವುದಕ್ಕಾಗಿ ಒಂದು ಉದಾಹರಣೆ ಕಟ್ಟಿಕೊಂಡಿದ್ದೇನೆ. ಮಾವ ಮತ್ತು ಅಳಿಯ ಸೇರಿ ತಿಪಟೂರಿನಲ್ಲಿ ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿ ನಡೆಸುತ್ತಾರೆ. ದುಡ್ಡು ಹೆಚ್ಚು ಹಾಕಿದವರು ಮಾವ. ಬೆಳಗ್ಗೆಯಿಂದ ರಾತ್ರಿವರೆಗೆ ಗಲ್ಲಾಪೆಟ್ಟಿಗೆ ಮುಂದೆ ಕೂರುವವನು ಅಳಿಯ. ಇಂಥ ಜೋಡಿಯಲ್ಲೇ ಬಡ್ಡಿಗೂ ಸಂಬಳಕ್ಕೂ ಅರ್ಥ ಬರುವುದು. ಬಡ್ಡಿ ಮಾವನ ದುಡ್ಡಿಗೆ ಸಿಗುವ ಬೆಲೆ, ಸಂಬಳ ಅಳಿಯನ ದುಡಿಮೆಗೆ ಸಿಗುವ ಬೆಲೆ. ಇವೆರಡೂ ಕಳೆದು ಉಳಿದದ್ದು ಇಬ್ಬರಿಗೂ ಸೇರಿದ ಲಾಭ.

2024-25ನೇ ಸಾಲಿನ ವಿವರ ಹೀಗಿದೆ. ಏಪ್ರಿಲ್ 1ಕ್ಕೆ ಮಾವನ ಬಂಡವಾಳ 12,00,000 ರೂಪಾಯಿ, ಅಳಿಯನದು 4,00,000. ಅಕ್ಟೋಬರ್ 1ರಂದು ಮಾವ ಇನ್ನೂ 3,00,000 ತಂದು ಹಾಕಿದರು. ಡೀಡ್ ಪ್ರಕಾರ ಬಂಡವಾಳಕ್ಕೆ ವರ್ಷಕ್ಕೆ ಶೇ. 12 ಬಡ್ಡಿ, ಡ್ರಾಯಿಂಗ್ಸ್ ಮೇಲೆ ವರ್ಷಕ್ಕೆ ಶೇ. 10 ಬಡ್ಡಿ, ಅಳಿಯನಿಗೆ ತಿಂಗಳಿಗೆ 25,000 ಸಂಬಳ, ಉಳಿದ ಲಾಭ ಮಾವನಿಗೆ 3 ಪಾಲು, ಅಳಿಯನಿಗೆ 2 ಪಾಲು.

ಲೆಕ್ಕ ಬರೆಯುವವರು ನಿವ್ವಳ ಲಾಭ 4,82,900 ಎಂದು ತೋರಿಸಿ, ಅದನ್ನು ನೇರವಾಗಿ 3:2ರಲ್ಲಿ ಹಂಚಿದ್ದಾರೆ. ಮಾವನಿಗೆ 2,89,740, ಅಳಿಯನಿಗೆ 1,93,160. ಕೂಡಿದರೆ ಮೊತ್ತ ಸರಿ ಇದೆ. ಬ್ಯಾಲೆನ್ಸ್ ಶೀಟ್ ಕೂಡ ತಾಳೆಯಾಗಿದೆ. ಆದರೂ ಲೆಕ್ಕ ತಪ್ಪು. ಹೇಗೆ ಎಂದು ನೋಡೋಣ.

## ಹಂತ 1: ಡೀಡ್ ಓದಿ ಐದು ಉತ್ತರ ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಐದು ಪ್ರಶ್ನೆ ಬರೆಯಿರಿ. ಬಂಡವಾಳಕ್ಕೆ ಬಡ್ಡಿ ಉಂಟಾ, ಎಷ್ಟು? ಸಂಬಳ ಯಾರಿಗೆ, ಎಷ್ಟು, ಯಾವ ತಿಂಗಳಿಂದ? ಡ್ರಾಯಿಂಗ್ಸ್ ಮೇಲೆ ಬಡ್ಡಿ ಹಾಕಬೇಕಾ? ಉಳಿದ ಲಾಭದ ಪ್ರಮಾಣ ಏನು? ಲಾಭ ಸಾಲದಿದ್ದರೆ ಏನು ಮಾಡಬೇಕು? ಪ್ರತಿ ಉತ್ತರದ ಪಕ್ಕದಲ್ಲಿ ಡೀಡ್‌ನ ಕಲಂ ಸಂಖ್ಯೆ ಬರೆಯಿರಿ. ಸಂಖ್ಯೆ ಬರೆಯಲು ಆಗದಿದ್ದರೆ ಆ ಉತ್ತರ ನಿಮ್ಮ ನೆನಪಿನದು, ಡೀಡ್‌ನದಲ್ಲ.

ಡೀಡ್ ಇಲ್ಲದಿದ್ದರೆ, ಅಥವಾ ಇದ್ದೂ ಆ ವಿಷಯಕ್ಕೆ ಮೌನವಾಗಿದ್ದರೆ, 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೇ ಕಲಂ ನೋಡಬೇಕು. ಅದರ ಪ್ರಕಾರ ಪಾಲುದಾರರಿಗೆ ಸಂಬಳ ಇಲ್ಲ. ಬಂಡವಾಳಕ್ಕೆ ಬಡ್ಡಿ ಇಲ್ಲ. ಲಾಭ-ನಷ್ಟ ಎಲ್ಲರಿಗೂ ಸಮಪಾಲು. ಒಪ್ಪಿದ ಬಂಡವಾಳಕ್ಕಿಂತ ಹೆಚ್ಚಾಗಿ ವ್ಯಾಪಾರಕ್ಕೆಂದು ಕೈಗಡ ಕೊಟ್ಟವರಿಗೆ ಮಾತ್ರ ವರ್ಷಕ್ಕೆ ಶೇ. 6 ಬಡ್ಡಿ ಸಿಗುತ್ತದೆ. ಒಪ್ಪಂದ ಇಲ್ಲದೆ ಡ್ರಾಯಿಂಗ್ಸ್ ಮೇಲೆ ಬಡ್ಡಿ ಹಾಕುವಂತೆಯೂ ಇಲ್ಲ.

ನಾನು ಪದೇ ಪದೇ ನೋಡುವ ತಪ್ಪು ಒಂದಿದೆ. ಡೀಡ್‌ನಲ್ಲಿ ಲಾಭದ ಪ್ರಮಾಣ ಇಲ್ಲದಿದ್ದಾಗ ಬಂಡವಾಳದ ಪ್ರಮಾಣದಲ್ಲಿ ಹಂಚಿಬಿಡುತ್ತಾರೆ. ನ್ಯಾಯವಾಗಿ ಕಾಣುತ್ತದೆ, ಆದರೆ ಕಾಯ್ದೆ ಹೇಳುವುದು ಸಮಪಾಲು. ಬಂಡವಾಳ 12 ಲಕ್ಷ ಮತ್ತು 4 ಲಕ್ಷ ಇದ್ದರೂ ಅರ್ಧ ಅರ್ಧವೇ.

## ಹಂತ 2: ನಿವ್ವಳ ಲಾಭವನ್ನು ಮೊದಲು ಸರಿಪಡಿಸಿ

ಹಂಚುವ ಮೊದಲು, ಹಂಚಬೇಕಾದ ಲಾಭ ಇದೇ ಹೌದಾ ಎಂದು ಕೇಳಿ. ನಾನು ಹೆಚ್ಚು ಹೊತ್ತು ಕಳೆಯುವುದು ಈ ಹಂತದಲ್ಲೇ.

ಪಾಲುದಾರರಿಗೆ ಹೋಗುವ ದುಡ್ಡಿನಲ್ಲಿ ಎರಡು ಬಗೆ ಇದೆ. ಮೊದಲನೆಯದು ಅಂಗಡಿಯ ಖರ್ಚು. ಮಾವನ ಕಟ್ಟಡಕ್ಕೆ ಅಂಗಡಿ ಕೊಡುವ ಬಾಡಿಗೆ, ಪಾಲುದಾರ ಕೊಟ್ಟ ಸಾಲದ ಬಡ್ಡಿ ಈ ಬಗೆಗೆ ಸೇರುತ್ತವೆ. ಬೇರೆ ಯಾರಿಂದ ಪಡೆದಿದ್ದರೂ ಇವನ್ನು ಕೊಡಲೇಬೇಕಿತ್ತು. ಆದ್ದರಿಂದ ಲಾಭ ಬರಲಿ, ನಷ್ಟ ಬರಲಿ, ಇವು ಲಾಭ-ನಷ್ಟ ಖಾತೆಯಲ್ಲೇ ಖರ್ಚಾಗಿ ಹೋಗುತ್ತವೆ.

ಎರಡನೆಯದು ಲಾಭದ ಹಂಚಿಕೆ. ಬಂಡವಾಳದ ಬಡ್ಡಿ, ಪಾಲುದಾರರ ಸಂಬಳ, ಅವರ ಕಮಿಷನ್ ಈ ಬಗೆಯವು. ಹೆಸರು ಬಡ್ಡಿ, ಸಂಬಳ ಎಂದಿದ್ದರೂ ನಿಜದಲ್ಲಿ ಇವು ಲಾಭವನ್ನು ಯಾರಿಗೆ ಎಷ್ಟು ಎಂದು ಒಡೆಯುವ ದಾರಿಗಳು. ಇವು ಹೋಗಬೇಕಾದದ್ದು ಲಾಭ-ನಷ್ಟ ಹಂಚಿಕೆ ಖಾತೆಗೆ.

ಈಗ ನಮ್ಮ ಅಂಗಡಿಯ ಟ್ರಯಲ್ ಬ್ಯಾಲೆನ್ಸ್ ನೋಡಿ. ಸಂಬಳದ ಖಾತೆಯಲ್ಲಿ 6,35,000 ಇದೆ. ಅಂಗಡಿ ಹುಡುಗರ ಸಂಬಳ ತಿಂಗಳಿಗೆ 30,000, ಅಂದರೆ ವರ್ಷಕ್ಕೆ 3,60,000. ಉಳಿದ 2,75,000 ಏನು? ಲೆಡ್ಜರ್ ತೆರೆದರೆ ಅದು ಅಳಿಯನಿಗೆ 11 ತಿಂಗಳು ಕೊಟ್ಟ 25,000. ಹುಡುಗರ ಸಂಬಳದ ಜೊತೆಯಲ್ಲೇ ಸೇರಿಹೋಗಿದೆ. ಮಾರ್ಚ್ ತಿಂಗಳಿನದು ಬರೆದೇ ಇಲ್ಲ.

ಇನ್ನೊಂದು ವಿಷಯ ಲೆಡ್ಜರ್‌ನಲ್ಲಿ ಇರಲಿಲ್ಲ, ಕೇಳಿದ್ದಕ್ಕೆ ಗೊತ್ತಾಯಿತು. ಜನವರಿ 1ರಂದು ಮಾವ ತಮ್ಮ ಮನೆಗೆ ಅಂಗಡಿಯಿಂದ 24,000 ರೂಪಾಯಿ ಬೆಲೆಯ ಪೇಂಟ್ ಒಯ್ದಿದ್ದರು. ಬಿಲ್ ಹಾಕಿಲ್ಲ. ಆ ಪೇಂಟ್ ಸ್ಟಾಕ್‌ನಲ್ಲೂ ಇಲ್ಲ, ಮಾರಾಟದಲ್ಲೂ ಇಲ್ಲ. ಹಾಗಾಗಿ ಸುಮ್ನೆ ಖರ್ಚಾಗಿ ಕೂತು ಲಾಭವನ್ನು ಕಡಿಮೆ ಮಾಡಿದೆ. ಒಯ್ದ ಸರಕನ್ನು ಕೊಂಡ ಬೆಲೆಗೆ ಖರೀದಿಯಿಂದ ಕಳೆದು ಮಾವನ ಡ್ರಾಯಿಂಗ್ಸ್‌ಗೆ ಹಾಕಬೇಕು. ಮಾರುವ ಬೆಲೆಗೆ ಹಾಕಬಾರದು. ಸ್ವಂತಕ್ಕೆ ಒಯ್ದ ಸರಕಿನ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಕೂಡ ವಾಪಸ್ ಮಾಡಬೇಕಾಗುತ್ತದೆ. ಉದಾಹರಣೆ ತಿಳಿಯಾಗಿರಲಿ ಎಂದು ಆ ಭಾಗ ಇಲ್ಲಿ ಸೇರಿಸಿಲ್ಲ.

ಸರಿಪಡಿಸಿದ ಲಾಭ: 4,82,900 + 2,75,000 + 24,000 = 7,81,900.

ಎಚ್ಚರಿಕೆಯ ಗುರುತು: ಎಷ್ಟೋ ಆಡಿಟರ್‌ಗಳು ಪಾಲುದಾರರ ಬಡ್ಡಿ, ಸಂಬಳ ಎರಡನ್ನೂ ಲಾಭ-ನಷ್ಟ ಖಾತೆಯಲ್ಲೇ ಕಳೆದುಬಿಡುತ್ತಾರೆ. ತೆರಿಗೆ ಲೆಕ್ಕಕ್ಕೆ ಅದು ಅನುಕೂಲ, ಅದರಲ್ಲಿ ತಪ್ಪೂ ಇಲ್ಲ. ಆದರೆ ಆಗ ಕೆಳಗೆ ಬರುವ ನಿವ್ವಳ ಲಾಭ ಈಗಾಗಲೇ ಬಡ್ಡಿ, ಸಂಬಳ ಕಳೆದದ್ದು. ಅದನ್ನು ಗಮನಿಸದೆ ಹಂಚಿಕೆ ಖಾತೆಯಲ್ಲಿ ಮತ್ತೆ ಕಳೆದರೆ ಒಂದೇ ಮೊತ್ತ ಎರಡು ಸಲ ಹೋಗುತ್ತದೆ. ಆದ್ದರಿಂದ ಹಂಚಿಕೆ ಖಾತೆಯಲ್ಲಿ ಕಾಣುವ ಪ್ರತಿ ಬಾಬ್ತನ್ನೂ ಲಾಭ-ನಷ್ಟ ಖಾತೆಯಲ್ಲಿ ಹುಡುಕಿ ನೋಡಿ. ಎರಡೂ ಕಡೆ ಸಿಕ್ಕಿದರೆ ಅಲ್ಲೇ ನಿಲ್ಲಿ.

## ಹಂತ 3: ಬಂಡವಾಳದ ಬಡ್ಡಿ

ಬಡ್ಡಿ ಲೆಕ್ಕ ಶುರುವಾಗುವುದು ವರ್ಷದ ಆರಂಭದ ಬಂಡವಾಳದಿಂದ. ಮಧ್ಯದಲ್ಲಿ ಸೇರಿದ ದುಡ್ಡಿಗೆ ಸೇರಿದ ದಿನದಿಂದ ಮಾತ್ರ.

ಮಾವನಿಗೆ 12,00,000ಕ್ಕೆ ಪೂರ್ತಿ ವರ್ಷ ಶೇ. 12ರಂತೆ 1,44,000. ಅಕ್ಟೋಬರ್ 1ರಂದು ತಂದ 3,00,000ಕ್ಕೆ 6 ತಿಂಗಳಿಗೆ 18,000. ಒಟ್ಟು 1,62,000. ಅಳಿಯನಿಗೆ 4,00,000ಕ್ಕೆ 48,000. ಇಬ್ಬರದೂ ಸೇರಿ 2,10,000.

ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವುದಾದರೆ B ಕಾಲಂನಲ್ಲಿ ಮೊತ್ತ, Cಯಲ್ಲಿ 12% ಎಂದು ಶೇಕಡಾ ಗುರುತಿನೊಂದಿಗೆ ದರ, Dಯಲ್ಲಿ ತಿಂಗಳುಗಳು ಎಂದು ಹಾಕಿ ಈ ಸೂತ್ರ ಕೊಡಿ. ಡ್ರಾಯಿಂಗ್ಸ್ ಬಡ್ಡಿಗೂ ಇದೇ ಸೂತ್ರ ಸಾಕು.

```
=B2*C2*D2/12
```

ಮಾವನ ಬಡ್ಡಿ 1,80,000 ಎಂದು ಬಂದಿದ್ದರೆ ಏನಾಗಿದೆ ಎಂದು ಕೂಡಲೇ ಹೇಳಬಹುದು. ವರ್ಷದ ಕೊನೆಯ 15,00,000ಕ್ಕೆ ಪೂರ್ತಿ 12 ತಿಂಗಳ ಬಡ್ಡಿ ಹಾಕಿದ್ದಾರೆ. 18,000 ಜಾಸ್ತಿ ಹೋಗಿದೆ.

ಕೆಲವು ಅಂಗಡಿಗಳಲ್ಲಿ ಚಾಲ್ತಿ ಖಾತೆ ಬೇರೆ ಇರುವುದಿಲ್ಲ. ಲಾಭ, ಡ್ರಾಯಿಂಗ್ಸ್ ಎಲ್ಲವೂ ಬಂಡವಾಳ ಖಾತೆಗೇ ಬೀಳುತ್ತದೆ. ಅಂಥ ಕಡೆ ಕೊನೆಯ ಬಾಕಿ ಮಾತ್ರ ಗೊತ್ತಿದ್ದರೆ ಹಿಂದಕ್ಕೆ ನಡೆಯಬೇಕು. ಕೊನೆಯ ಬಾಕಿಗೆ ಡ್ರಾಯಿಂಗ್ಸ್ ಕೂಡಿಸಿ, ಈ ವರ್ಷ ಜಮೆಯಾದ ಲಾಭವನ್ನೂ ಹೊಸದಾಗಿ ತಂದ ಬಂಡವಾಳವನ್ನೂ ಕಳೆಯಿರಿ. ಬಂದ ಮೊತ್ತ ಹೋದ ವರ್ಷದ ಬ್ಯಾಲೆನ್ಸ್ ಶೀಟ್‌ಗೆ ಹೊಂದಬೇಕು. ಹೊಂದದಿದ್ದರೆ ಬಡ್ಡಿಯ ಮಾತು ಆಮೇಲೆ, ಮೊದಲು ಆ ವ್ಯತ್ಯಾಸ ಹುಡುಕಿ.

## ಹಂತ 4: ಪಾಲುದಾರರ ಸಂಬಳ

ಇದು ಚಿಕ್ಕ ಹಂತ. ಡೀಡ್ ಪ್ರಕಾರ ಅಳಿಯನಿಗೆ 12 ತಿಂಗಳಿಗೆ 3,00,000 ಸಲ್ಲಬೇಕು. ಕೈಗೆ ಹೋಗಿರುವುದು 2,75,000. ಹಂಚಿಕೆ ಖಾತೆಯಲ್ಲಿ ಬರುವುದು ಸಲ್ಲಬೇಕಾದ 3,00,000, ಕೊಟ್ಟ 2,75,000 ಅಲ್ಲ. ಕೊಟ್ಟದ್ದು ಅಳಿಯನ ಚಾಲ್ತಿ ಖಾತೆಯ ಡೆಬಿಟ್‌ಗೆ ಹೋಗುತ್ತದೆ. ಮಾರ್ಚ್‌ನ 25,000 ತಾನಾಗಿಯೇ ಅವನ ಖಾತೆಯಲ್ಲಿ ಜಮೆಯಾಗಿ ಉಳಿಯುತ್ತದೆ.

ಕೊಟ್ಟ ಸಂಬಳವನ್ನು ಡ್ರಾಯಿಂಗ್ಸ್ ಜೊತೆ ಸೇರಿಸಿ ಅದಕ್ಕೂ ಬಡ್ಡಿ ಹಾಕುವುದನ್ನು ನೋಡಿದ್ದೇನೆ. ಡೀಡ್ ಹಾಗೆ ಹೇಳದಿದ್ದರೆ ಅದು ಅನ್ಯಾಯ. ದುಡಿದ ತಿಂಗಳಿನ ಸಂಬಳ ತೆಗೆದುಕೊಂಡಿದ್ದಕ್ಕೆ ಬಡ್ಡಿ ಕಟ್ಟಬೇಕು ಅಂದ್ರೆ ಹೇಗೆ, ಅಲ್ವಾ?

## ಹಂತ 5: ಡ್ರಾಯಿಂಗ್ಸ್ ಮತ್ತು ಅದರ ಬಡ್ಡಿ

ಮೊದಲು ಡ್ರಾಯಿಂಗ್ಸ್ ಪಟ್ಟಿ ಪೂರ್ತಿ ಮಾಡಿ. ನಗದು ತೆಗೆದದ್ದು ಮಾತ್ರ ಡ್ರಾಯಿಂಗ್ಸ್ ಅಲ್ಲ. ಅಂಗಡಿಯ ಬ್ಯಾಂಕ್ ಖಾತೆಯಿಂದ ಕಟ್ಟಿದ ಮನೆಯ ಕರೆಂಟ್ ಬಿಲ್, ಮಕ್ಕಳ ಶಾಲೆ ಫೀಸು, ಸ್ವಂತ ವಿಮೆಯ ಪ್ರೀಮಿಯಂ, ಒಯ್ದ ಸರಕು ಎಲ್ಲವೂ ಡ್ರಾಯಿಂಗ್ಸ್. ಈಗ ಯುಪಿಐನಲ್ಲಿ ಹೋಗುವ ಸಣ್ಣ ಸಣ್ಣ ಮೊತ್ತಗಳು ಇತರೆ ಖರ್ಚು ಎಂಬ ಖಾತೆಯಲ್ಲಿ ಸೇರಿಹೋಗುತ್ತವೆ. ಆ ಖಾತೆ ಹೋದ ವರ್ಷಕ್ಕಿಂತ ಏಕಾಏಕಿ ಉಬ್ಬಿದ್ದರೆ ಒಂದೊಂದು ಸಾಲನ್ನೂ ಓದಿ.

ಆಮೇಲೆ ದಿನಾಂಕ. ಡ್ರಾಯಿಂಗ್ಸ್ ಬಡ್ಡಿಯ ಪ್ರಶ್ನೆ ಇಷ್ಟೇ: ತೆಗೆದ ದಿನದಿಂದ ಮಾರ್ಚ್ 31ರವರೆಗೆ ಆ ದುಡ್ಡು ಅಂಗಡಿಯ ಹೊರಗೆ ಎಷ್ಟು ತಿಂಗಳು ಇತ್ತು?

ಮಾವ ಡಿಸೆಂಬರ್ 1ರಂದು 60,000 ತೆಗೆದರು. ಡಿಸೆಂಬರ್, ಜನವರಿ, ಫೆಬ್ರವರಿ, ಮಾರ್ಚ್, ನಾಲ್ಕು ತಿಂಗಳು. ಶೇ. 10ರಂತೆ 2,000. ಜನವರಿ 1ರ ಪೇಂಟ್ 24,000ಕ್ಕೆ ಮೂರು ತಿಂಗಳಿಗೆ 600. ಒಟ್ಟು 2,600.

ಅಳಿಯ ಸಂಬಳವಲ್ಲದೆ ಪ್ರತಿ ತಿಂಗಳ ಕೊನೆಯಲ್ಲಿ ಮನೆ ಖರ್ಚಿಗೆ 10,000 ತೆಗೆದಿದ್ದಾನೆ. ವರ್ಷಕ್ಕೆ 1,20,000. ಇಲ್ಲಿ 12 ಸಲ ಬೇರೆ ಬೇರೆ ಲೆಕ್ಕ ಹಾಕಬೇಕಿಲ್ಲ. ಏಪ್ರಿಲ್ ಕೊನೆಯಲ್ಲಿ ತೆಗೆದದ್ದು 11 ತಿಂಗಳು ಹೊರಗಿತ್ತು, ಮಾರ್ಚ್ ಕೊನೆಯದು ಸೊನ್ನೆ ತಿಂಗಳು. ಎರಡರ ಸರಾಸರಿ ಐದೂವರೆ. 1,20,000ಕ್ಕೆ ಐದೂವರೆ ತಿಂಗಳ ಬಡ್ಡಿ 5,500. ತಿಂಗಳ ಮೊದಲ ದಿನ ತೆಗೆದಿದ್ದರೆ 12 ಮತ್ತು 1ರ ಸರಾಸರಿ ಆರೂವರೆ, ಮಧ್ಯದಲ್ಲಿ ತೆಗೆದಿದ್ದರೆ ಆರು. ಈ ಅಂಕಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಮೊದಲ ಕಂತು ಎಷ್ಟು ತಿಂಗಳು, ಕೊನೆಯದು ಎಷ್ಟು ಎಂದು ನೋಡಿ ಸರಾಸರಿ ತೆಗೆಯುವುದು ಒಳ್ಳೆಯದು. ಆಗ ಮೂರು ತಿಂಗಳಿಗೊಮ್ಮೆ ತೆಗೆದರೂ ನೀವು ಗಲಿಬಿಲಿಯಾಗುವುದಿಲ್ಲ.

ಆದರೆ ಈ ಸರಾಸರಿ ನಡೆಯುವುದು ಮೊತ್ತವೂ ಅಂತರವೂ ಒಂದೇ ಇದ್ದಾಗ ಮಾತ್ರ. ಒಂದು ತಿಂಗಳು 5,000, ಇನ್ನೊಂದು ತಿಂಗಳು 18,000 ಎಂದಿದ್ದರೆ ಪ್ರತಿಯೊಂದನ್ನೂ ಬೇರೆಯಾಗಿಯೇ ಲೆಕ್ಕ ಹಾಕಬೇಕು. ದಿನಾಂಕವೇ ಸಿಗದಿದ್ದರೆ ಸಾಮಾನ್ಯವಾಗಿ ಆರು ತಿಂಗಳು ಎಂದು ಹಿಡಿಯುತ್ತಾರೆ. ಅದು ಅಂದಾಜು ಎಂದು ಹಾಳೆಯಲ್ಲಿ ಬರೆದಿಡಿ.

ಇಬ್ಬರ ಡ್ರಾಯಿಂಗ್ಸ್ ಬಡ್ಡಿ ಸೇರಿ 8,100.

## ಹಂತ 6: ಹಂಚಿಕೆ ಖಾತೆ ನೀವೇ ಕಟ್ಟಿ

ಲೆಕ್ಕದವರು ಕೊಟ್ಟ ಹಂಚಿಕೆ ಖಾತೆಯನ್ನು ಮಗುಚಿಡಿ. ನಿಮ್ಮದನ್ನು ಖಾಲಿ ಹಾಳೆಯಲ್ಲಿ ಬರೆಯಿರಿ. ಅವರದನ್ನು ನೋಡುತ್ತಾ ಬರೆದರೆ ಅವರ ತಪ್ಪೇ ನಿಮ್ಮ ಹಾಳೆಗೂ ಬರುತ್ತದೆ.

| ವಿವರ | ಮಾವ | ಅಳಿಯ | ಒಟ್ಟು |
|---|---|---|---|
| ಸರಿಪಡಿಸಿದ ನಿವ್ವಳ ಲಾಭ | | | 7,81,900 |
| ಕೂಡಿಸಿ: ಡ್ರಾಯಿಂಗ್ಸ್ ಬಡ್ಡಿ | 2,600 | 5,500 | 8,100 |
| ಹಂಚಲು ಇರುವುದು | | | 7,90,000 |
| ಕಳೆಯಿರಿ: ಬಂಡವಾಳದ ಬಡ್ಡಿ | 1,62,000 | 48,000 | 2,10,000 |
| ಕಳೆಯಿರಿ: ಸಂಬಳ | – | 3,00,000 | 3,00,000 |
| ಉಳಿದ ಲಾಭ, 3:2ರಲ್ಲಿ | 1,68,000 | 1,12,000 | 2,80,000 |

ಇಲ್ಲಿ ಎಡವುವ ಜಾಗ ಡ್ರಾಯಿಂಗ್ಸ್. ಡ್ರಾಯಿಂಗ್ಸ್ ಮೊತ್ತವನ್ನೇ, ಅಂದರೆ ಮಾವನ 84,000 ಮತ್ತು ಅಳಿಯನ 1,20,000ವನ್ನು, ಹಂಚಿಕೆ ಖಾತೆಯಲ್ಲಿ ಕಳೆಯುವವರಿದ್ದಾರೆ. ಹಾಗೆ ಮಾಡಿದರೆ ಅಳಿಯನ ಮನೆ ಖರ್ಚಿನ ಐದರಲ್ಲಿ ಮೂರು ಪಾಲು ಮಾವನ ತಲೆ ಮೇಲೆ ಬರುತ್ತದೆ. ಡ್ರಾಯಿಂಗ್ಸ್ ಅವರವರ ಚಾಲ್ತಿ ಖಾತೆಗೆ ಹೋಗುತ್ತದೆ. ಹಂಚಿಕೆ ಖಾತೆಗೆ ಬರುವುದು ಅದರ ಬಡ್ಡಿ ಮಾತ್ರ, ಅದೂ ಕೂಡುವ ಬದಿಗೆ.

## ಹಂತ 7: ಎರಡು ತಾಳೆ ನೋಡಿ

ಮೊದಲ ತಾಳೆ ನನಗೆ ತುಂಬಾ ಇಷ್ಟ, ಯಾಕೆಂದರೆ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಪ್ರತಿ ಪಾಲುದಾರರಿಗೆ ಬಡ್ಡಿ, ಸಂಬಳ, ಲಾಭದ ಪಾಲು ಕೂಡಿಸಿ, ಅವರ ಡ್ರಾಯಿಂಗ್ಸ್ ಬಡ್ಡಿ ಕಳೆಯಿರಿ. ಮಾವನಿಗೆ 1,62,000 + 1,68,000 − 2,600 = 3,27,400. ಅಳಿಯನಿಗೆ 48,000 + 3,00,000 + 1,12,000 − 5,500 = 4,54,500. ಎರಡನ್ನೂ ಕೂಡಿಸಿದರೆ 7,81,900. ಅದು ಸರಿಪಡಿಸಿದ ನಿವ್ವಳ ಲಾಭಕ್ಕೆ ಒಂದು ರೂಪಾಯಿ ಹೆಚ್ಚು ಕಡಿಮೆ ಇಲ್ಲದೆ ಸಮ ಇರಬೇಕು.

ಸಮ ಇರಲೇಬೇಕು ಏಕೆ? ಡ್ರಾಯಿಂಗ್ಸ್ ಬಡ್ಡಿಯ 8,100 ಹೊರಗಿನ ಗಿರಾಕಿಯಿಂದ ಬಂದದ್ದಲ್ಲ. ಇಬ್ಬರ ಜೇಬಿನಿಂದ ಬಂದು ಮತ್ತೆ ಇಬ್ಬರಿಗೇ ಹಂಚಿಹೋಗಿದೆ. ಬಂಡವಾಳದ ಬಡ್ಡಿಯೂ ಸಂಬಳವೂ ಹಾಗೆಯೇ. ಇವು ಯಾವುವೂ ಅಂಗಡಿಯ ಲಾಭವನ್ನು ಹೆಚ್ಚಿಸುವುದಿಲ್ಲ, ತಗ್ಗಿಸುವುದೂ ಇಲ್ಲ. ಯಾರಿಗೆ ಎಷ್ಟು ಎಂಬುದನ್ನು ಮಾತ್ರ ಬದಲಿಸುತ್ತವೆ. ಈ ತಾಳೆ ತಪ್ಪಿದರೆ, ಮತ್ತು ವ್ಯತ್ಯಾಸ ಡ್ರಾಯಿಂಗ್ಸ್ ಬಡ್ಡಿಯಷ್ಟೇ ಇದ್ದರೆ, ಆ ಬಡ್ಡಿಯನ್ನು ಹಂಚಿಕೆ ಖಾತೆಯಲ್ಲಿ ಕೂಡಿಸಿ ಚಾಲ್ತಿ ಖಾತೆಯಲ್ಲಿ ಕಳೆಯಲು ಮರೆತಿದ್ದಾರೆ ಎಂದೇ ಅರ್ಥ.

ಎರಡನೇ ತಾಳೆ ಬ್ಯಾಲೆನ್ಸ್ ಶೀಟ್‌ನದು. ಮಾವನ ಚಾಲ್ತಿ ಖಾತೆ: ಸಂದ 3,27,400ರಲ್ಲಿ ಡ್ರಾಯಿಂಗ್ಸ್ 84,000 ಕಳೆದರೆ 2,43,400. ಅಳಿಯನದು: 4,54,500ರಲ್ಲಿ ಡ್ರಾಯಿಂಗ್ಸ್ 1,20,000 ಮತ್ತು ಪಡೆದ ಸಂಬಳ 2,75,000 ಕಳೆದರೆ 59,500. ಹಿಂದಿನ ವರ್ಷದ ಚಾಲ್ತಿ ಬಾಕಿ ಏನೂ ಇರಲಿಲ್ಲ ಎಂದು ಹಿಡಿದಿದ್ದೇನೆ. ಇವಕ್ಕೆ 15,00,000 ಮತ್ತು 4,00,000 ಬಂಡವಾಳ ಸೇರಿಸಿದರೆ 22,02,900. ಬ್ಯಾಲೆನ್ಸ್ ಶೀಟ್‌ನಲ್ಲಿ ಪಾಲುದಾರರ ಹೆಸರಿನಲ್ಲಿ ಇಷ್ಟೇ ಇರಬೇಕು.

ಬ್ಯಾಲೆನ್ಸ್ ಶೀಟ್ ತಾಳೆಯಾಗಿದೆ ಎಂಬುದನ್ನು ಮಾತ್ರ ನಂಬಿ ಕೂರಬೇಡಿ. ಮಾವನ ಖಾತೆಗೆ ಹೋಗಬೇಕಾದದ್ದು ಅಳಿಯನ ಖಾತೆಗೆ ಹೋದರೂ ಅದು ತಾಳೆಯಾಗಿಯೇ ನಿಲ್ಲುತ್ತದೆ.

## ಹಂತ 8: ಲಾಭ ಸಾಲದಿದ್ದರೆ

ಡೀಡ್‌ನಲ್ಲಿ ಬಂಡವಾಳಕ್ಕೆ ಬಡ್ಡಿ ಇದೆ ಎಂದಾದರೂ, ಅದನ್ನು ಕೊಡುವುದು ಲಾಭದಿಂದ ಮಾತ್ರ ಎಂದು ಅದೇ 13ನೇ ಕಲಂ ಹೇಳುತ್ತದೆ. ನಷ್ಟವಾದ ವರ್ಷ ಬಡ್ಡಿ ಇಲ್ಲ, ನಷ್ಟವನ್ನು 3:2ರಲ್ಲಿ ಹಂಚಬೇಕು. ಡ್ರಾಯಿಂಗ್ಸ್ ಬಡ್ಡಿ ಮಾತ್ರ ಆಗಲೂ ಹಾಕಲೇಬೇಕು. ಬಡ್ಡಿ, ಸಂಬಳವನ್ನು ಖರ್ಚೆಂದೇ ಹಿಡಿದು ನಷ್ಟವಿದ್ದರೂ ಕೊಡಬೇಕು ಎಂದು ಡೀಡ್ ಸ್ಪಷ್ಟವಾಗಿ ಹೇಳಿದ್ದರೆ ಅದರಂತೆ ನಡೆಯಬೇಕು.

ಲಾಭ ಇದೆ, ಆದರೆ ಸಾಲದು ಎಂಬ ಸ್ಥಿತಿ ಹೆಚ್ಚು ಗೊಂದಲದ್ದು. ನಮ್ಮ ಅಂಗಡಿಗೆ ಲಾಭ 2,46,900 ಮಾತ್ರ ಬಂದಿತ್ತು ಎಂದುಕೊಳ್ಳಿ. ಡ್ರಾಯಿಂಗ್ಸ್ ಬಡ್ಡಿ 8,100 ಸೇರಿಸಿದರೆ 2,55,000. ಸಲ್ಲಬೇಕಾದದ್ದು ಬಡ್ಡಿ 2,10,000 ಮತ್ತು ಸಂಬಳ 3,00,000, ಒಟ್ಟು 5,10,000. ಇರುವುದು ಸರಿಯಾಗಿ ಅರ್ಧ. ಮೊದಲು ಯಾವುದು ಎಂದು ಡೀಡ್ ಹೇಳದಿದ್ದರೆ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸುವುದು ರೂಢಿ. ಮಾವನ ಬಡ್ಡಿ 81,000. ಅಳಿಯನ ಬಡ್ಡಿ 24,000, ಸಂಬಳ 1,50,000. 3:2ರಲ್ಲಿ ಹಂಚಲು ಏನೂ ಉಳಿಯುವುದಿಲ್ಲ.

ಇಂಥ ವರ್ಷದ ಲೆಕ್ಕದಲ್ಲಿ ಪೂರ್ತಿ 5,10,000 ಕೊಟ್ಟು, ಕೊರತೆಯ 2,55,000ವನ್ನು ನಷ್ಟವೆಂದು 3:2ರಲ್ಲಿ ಹಂಚಿದ್ದರೆ ಅದು ತಪ್ಪು. ಮಾವನಿಗೆ ಅದರಿಂದ 72,000 ಪೆಟ್ಟು. ಬಡ್ಡಿಯಲ್ಲಿ 81,000 ಹೆಚ್ಚು ಬಂದಂತೆ ಕಾಣುತ್ತದೆ, ಆದರೆ ನಷ್ಟದಲ್ಲಿ 1,53,000 ಹೋಗಿರುತ್ತದೆ.

## ಹಂತ 9: ತೆರಿಗೆಯ ಸಾಲುಗಳನ್ನು ಒಮ್ಮೆ ನೋಡಿ

ಪುಸ್ತಕದ ಲೆಕ್ಕ ಬೇರೆ, ಆದಾಯ ತೆರಿಗೆಯ ಲೆಕ್ಕ ಬೇರೆ. ತೆರಿಗೆಯಲ್ಲಿ ಪಾಲುದಾರರ ಬಡ್ಡಿಯನ್ನು ವರ್ಷಕ್ಕೆ ಶೇ. 12ರವರೆಗೆ ಮಾತ್ರ ಖರ್ಚೆಂದು ಒಪ್ಪುತ್ತಾರೆ. ಸಂಬಳ ಒಪ್ಪುವುದು ದುಡಿಯುವ ಪಾಲುದಾರರಿಗೆ, ಅದೂ ಡೀಡ್‌ನಲ್ಲಿ ಇದ್ದರೆ ಮಾತ್ರ. 2024-25ರ ಲೆಕ್ಕಕ್ಕೆ ಸಂಬಳದ ಮಿತಿ ಹೀಗಿದೆ: ಬಡ್ಡಿ ಕಳೆದ ಮೇಲಿನ ಲಾಭದಲ್ಲಿ ಮೊದಲ 6,00,000ಕ್ಕೆ ಶೇ. 90 ಅಥವಾ 3,00,000, ಯಾವುದು ಹೆಚ್ಚೋ ಅದು. ಅದಕ್ಕಿಂತ ಮೇಲಿನ ಲಾಭಕ್ಕೆ ಶೇ. 60. ನಮ್ಮ ಅಂಗಡಿಯಲ್ಲಿ ಡ್ರಾಯಿಂಗ್ಸ್ ಬಡ್ಡಿಯೂ ಸೇರಿ ಆ ಲಾಭ 5,80,000, ಮಿತಿ 5,22,000. ಅಳಿಯನ 3,00,000ಕ್ಕೆ ಯಾವ ತೊಂದರೆಯೂ ಇಲ್ಲ. ಮಿತಿ ಮೀರಿದ್ದರೂ ಪಾಲುದಾರರ ನಡುವಿನ ಹಂಚಿಕೆ ಬದಲಾಗುವುದಿಲ್ಲ. ಅಂಗಡಿ ಕಟ್ಟುವ ತೆರಿಗೆ ಮಾತ್ರ ಹೆಚ್ಚಾಗುತ್ತದೆ.

2025ರ ಏಪ್ರಿಲ್ 1ರಿಂದ ಇನ್ನೊಂದು ಸಾಲು ಸೇರಿದೆ. ಒಬ್ಬ ಪಾಲುದಾರರಿಗೆ ಕೊಡುವ ಸಂಬಳ, ಬಡ್ಡಿ, ಕಮಿಷನ್ ಎಲ್ಲ ಸೇರಿ ವರ್ಷಕ್ಕೆ 20,000 ದಾಟಿದರೆ ಅಂಗಡಿ ಶೇ. 10 ಟಿಡಿಎಸ್ ಕತ್ತರಿಸಬೇಕು. ಕತ್ತರಿಸಿದ ಮೊತ್ತ ಆ ಪಾಲುದಾರರ ಚಾಲ್ತಿ ಖಾತೆಯ ಡೆಬಿಟ್‌ಗೆ ಹೋಗಬೇಕು. ಅದು ಅಂಗಡಿಯ ಖರ್ಚಿನಲ್ಲಿ ಕೂತಿದ್ದರೆ, ಒಬ್ಬರ ತೆರಿಗೆಯನ್ನು ಇಬ್ಬರೂ ಕಟ್ಟಿದಂತೆ.

## ಹಂತ 10: ತಪ್ಪು ಸಿಕ್ಕಿತು, ಪುಸ್ತಕ ಮುಚ್ಚಿಯಾಗಿದೆ. ಈಗ?

ಹಳೆಯ ಲೆಕ್ಕವನ್ನು ಗೀಚಿ ತಿದ್ದಬೇಡಿ. ಪ್ರತಿ ಪಾಲುದಾರರ ಚಾಲ್ತಿ ಖಾತೆಯಲ್ಲಿ ಇರಬೇಕಾದ ಬಾಕಿ ಮತ್ತು ಇರುವ ಬಾಕಿ ಎರಡನ್ನೂ ಅಕ್ಕಪಕ್ಕ ಬರೆಯಿರಿ.

ಲೆಕ್ಕದವರ ಪ್ರಕಾರ ಮಾವನ ಬಾಕಿ 2,89,740ರಲ್ಲಿ 60,000 ಕಳೆದು 2,29,740. ಪೇಂಟ್ ಅವರ ಪಟ್ಟಿಯಲ್ಲಿ ಇರಲಿಲ್ಲವಲ್ಲ. ಇರಬೇಕಾದದ್ದು 2,43,400. ಮಾವನಿಗೆ 13,660 ಕಡಿಮೆ ಬಂದಿದೆ. ಅಳಿಯನದು 1,93,160ರಲ್ಲಿ 1,20,000 ಕಳೆದು 73,160. ಸಂಬಳ ಖರ್ಚಿನಲ್ಲೇ ಹೋಗಿದ್ದರಿಂದ ಇಲ್ಲಿ ಕಳೆಯುವಂತಿಲ್ಲ. ಇರಬೇಕಾದದ್ದು 59,500. ಅಳಿಯನಿಗೆ 13,660 ಹೆಚ್ಚು ಬಂದಿದೆ.

ಎರಡೂ ವ್ಯತ್ಯಾಸ ಒಂದೇ ಮೊತ್ತವಾಗಿ ಬಂದಿರುವುದನ್ನು ಗಮನಿಸಿ. ಹಾಗೆ ಬರದಿದ್ದರೆ ಹಂತ 2ರಲ್ಲಿ ಏನೋ ಬಿಟ್ಟಿದ್ದೀರಿ, ಅಲ್ಲಿಗೇ ಹಿಂತಿರುಗಿ. ಬಂದಿದ್ದರೆ ಹೊಸ ವರ್ಷದ ಪುಸ್ತಕದಲ್ಲಿ ಒಂದೇ ಎಂಟ್ರಿ ಸಾಕು: ಅಳಿಯನ ಚಾಲ್ತಿ ಖಾತೆಗೆ 13,660 ಡೆಬಿಟ್, ಮಾವನ ಚಾಲ್ತಿ ಖಾತೆಗೆ 13,660 ಕ್ರೆಡಿಟ್. ಅದರ ಕೆಳಗೆ 2024-25ರ ಬಂಡವಾಳದ ಬಡ್ಡಿ, ಸಂಬಳ, ಡ್ರಾಯಿಂಗ್ಸ್ ಬಡ್ಡಿ ಮತ್ತು ಪೇಂಟ್‌ನ ಹೊಂದಾಣಿಕೆ ಎಂದು ಬರೆದು, ನಿಮ್ಮ ಲೆಕ್ಕದ ಹಾಳೆಯನ್ನು ಇಬ್ಬರ ಸಹಿಯೊಂದಿಗೆ ವೋಚರ್‌ಗೆ ಪಿನ್ ಮಾಡಿ. ರಿಟರ್ನ್ ಸಲ್ಲಿಸಿಯಾಗಿದ್ದರೆ, ಲಾಭದ ಮೊತ್ತವೂ ಬದಲಾಗಿರುವುದರಿಂದ, ಅದನ್ನು ತಿದ್ದುವ ಬಗ್ಗೆ ಅದೇ ವಾರ ಆಡಿಟರ್ ಹತ್ತಿರ ಮಾತಾಡಿ.